ಚಿಪ್‌ನೊಳಗಿನ ಚಿನ್ನಕ್ಕೆ ಬೆಲೆ ಏರಿಸುವ ಶಕ್ತಿ ಇದೆಯೇ?

ಚಿನ್ನದ ಬೆಲೆ ಏರಿದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ. ಮೊಬೈಲ್, ಕಂಪ್ಯೂಟರ್, ಎಲೆಕ್ಟ್ರಿಕ್ ಕಾರು ಎಲ್ಲದರಲ್ಲೂ ಚಿನ್ನ ಬೇಕು. ದೇಶದಲ್ಲಿ ಚಿಪ್ ಕಾರ್ಖಾನೆಗಳು ಬರುತ್ತಿವೆ, ಜಗತ್ತಿನಲ್ಲಿ ಡೇಟಾ ಸೆಂಟರ್‌ಗಳು ಹೆಚ್ಚುತ್ತಿವೆ. ಹಾಗಾಗಿ ಚಿನ್ನದ ಬೆಲೆ ಇಳಿಯುವ ಮಾತೇ ಇಲ್ಲ ಎಂಬುದು ಆ ವಾದ. ಕ್ಯಾಂಪಸ್ ಸಂದರ್ಶನದ ಗುಂಪು ಚರ್ಚೆಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ತರಗತಿಗಳಲ್ಲಿ, ಹೂಡಿಕೆ ಸಲಹೆಯ ವಿಡಿಯೊಗಳಲ್ಲಿ ನಾನು ಇದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಎಲೆಕ್ಟ್ರಾನಿಕ್ಸ್ ಓದಿ ಈಗ ಕೆಲಸ ಹುಡುಕುತ್ತಿರುವ ನನಗೆ ಈ ವಾದದ ಮೊದಲರ್ಧ ಸರಿ ಎಂದು ಗೊತ್ತು. ಚಿಪ್‌ಗಳಲ್ಲಿ ಚಿನ್ನ ಇರುವುದು ನಿಜ. ಆದರೆ ಅದರಿಂದ ಬೆಲೆ ಏರುತ್ತದೆ ಎಂಬ ಎರಡನೆಯ ಅರ್ಧ ಲೆಕ್ಕಕ್ಕೆ ನಿಲ್ಲುವುದಿಲ್ಲ. ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಒಂದೇ ಒಂದು ವಸ್ತುವನ್ನು ಹಿಡಿದು ನೋಡೋಣ. ಆ ವಸ್ತು ಚಿಪ್‌ನೊಳಗಿನ ಕೂದಲಿಗಿಂತ ಸಣ್ಣ ತಂತಿ.

ಚಿನ್ನವೇ ಯಾಕೆ?

ಚಿನ್ನ ಅತ್ಯುತ್ತಮ ವಿದ್ಯುತ್ ವಾಹಕ, ಅದಕ್ಕೇ ಬಳಸುತ್ತಾರೆ ಎಂದು ಅನೇಕರು ಹೇಳುವುದುಂಟು. ಇದು ಸರಿಯಲ್ಲ. ವಿದ್ಯುತ್ ವಹನದಲ್ಲಿ ಬೆಳ್ಳಿ ಮೊದಲು, ತಾಮ್ರ ಎರಡನೆಯದು, ಚಿನ್ನ ಮೂರನೆಯದು. ಚಿನ್ನದ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ. ಅದು ಗಾಳಿ, ತೇವಾಂಶಗಳಲ್ಲಿ ಮಾಸುವುದಿಲ್ಲ. ತಾಮ್ರದ ಮೇಲ್ಮೈಯಲ್ಲಿ ಆಕ್ಸೈಡ್ ಪದರ ಕಟ್ಟುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಈ ಪದರಗಳು ವಿದ್ಯುತ್ತಿಗೆ ಅಡ್ಡಿ. ಕೆಲವೇ ವೋಲ್ಟ್‌ಗಳಲ್ಲಿ ಕೆಲಸ ಮಾಡುವ ಸಾಧನದಲ್ಲಿ ಅಂಥ ತೆಳು ಪದರವೂ ಸಂಪರ್ಕ ಕೆಡಿಸಬಲ್ಲದು. ಸಿಮ್ ಕಾರ್ಡಿನ ಹಳದಿ ಮುಖ, ಕಂಪ್ಯೂಟರ್ ಮೆಮೊರಿ ಕಾರ್ಡಿನ ಅಂಚಿನ ಹಳದಿ ಗೆರೆಗಳು ಇವೆಲ್ಲ ಅದಕ್ಕಾಗಿ ಹಾಕಿದ ಚಿನ್ನದ ಲೇಪನ. ಅದರ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್‌ನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ.

ಇದಕ್ಕಿಂತ ಕುತೂಹಲದ ಬಳಕೆ ಚಿಪ್‌ನ ಒಳಗಿದೆ. ಸಿಲಿಕಾನ್ ತುಂಡು ಒಂದೇ ಇದ್ದರೆ ಪ್ರಯೋಜನವಿಲ್ಲ. ಅದರ ಮೇಲಿರುವ ಸಣ್ಣ ಸಣ್ಣ ಅಲ್ಯೂಮಿನಿಯಂ ಚುಕ್ಕಿಗಳನ್ನು ಹೊರಗಿನ ಲೋಹದ ಕಾಲುಗಳಿಗೆ ಜೋಡಿಸಬೇಕು. ಈ ಜೋಡಣೆಗೆ ವೈರ್ ಬಾಂಡಿಂಗ್ ಎನ್ನುತ್ತಾರೆ. ಬಳಸುವ ತಂತಿಯ ದಪ್ಪ ಸುಮಾರು 25 ಮೈಕ್ರಾನ್, ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗ ಎನ್ನಬಹುದು.

ಕೆಲಸ ನಡೆಯುವುದು ಹೀಗೆ. ಯಂತ್ರದ ಸೂಜಿಯಂಥ ಮೂತಿಯ ರಂಧ್ರದಿಂದ ಚಿನ್ನದ ತಂತಿಯ ತುದಿ ಹೊರಗೆ ಬರುತ್ತದೆ. ವಿದ್ಯುತ್ ಕಿಡಿಯೊಂದು ಆ ತುದಿಯನ್ನು ಕರಗಿಸಿ ಸಣ್ಣ ಗುಂಡು ಮಾಡುತ್ತದೆ. ಮೂತಿ ಕೆಳಗಿಳಿದು ಆ ಗುಂಡನ್ನು ಸಿಲಿಕಾನ್ ಮೇಲಿನ ಚುಕ್ಕಿಗೆ ಒತ್ತುತ್ತದೆ. ಬಿಸಿ, ಒತ್ತಡ ಮತ್ತು ಶ್ರವಣಾತೀತ ಕಂಪನ ಮೂರೂ ಸೇರಿ ಗುಂಡು ಅಲ್ಲಿಗೆ ಬೆಸೆದುಕೊಳ್ಳುತ್ತದೆ. ನಂತರ ಮೂತಿ ಮೇಲೆದ್ದು, ಕಮಾನಿನಂತೆ ತಂತಿ ಎಳೆದು, ಹೊರಗಿನ ಕಾಲಿನ ಮೇಲೆ ಇನ್ನೊಂದು ಬೆಸುಗೆ ಹಾಕಿ, ತಂತಿ ಕತ್ತರಿಸಿ, ಮುಂದಿನ ಚುಕ್ಕಿಗೆ ಹೋಗುತ್ತದೆ. ಒಂದು ಯಂತ್ರ ಒಂದು ಸೆಕೆಂಡಿನಲ್ಲಿ ಇಂಥ ಹಲವು ತಂತಿಗಳನ್ನು ಹಾಕಬಲ್ಲದು. ದಶಕಗಳ ಕಾಲ ಈ ಕೆಲಸಕ್ಕೆ ಚಿನ್ನವೇ ಬೇಕೆಂದು ಎಲ್ಲರೂ ನಂಬಿದ್ದರು. ಚಿನ್ನ ಮೃದು, ಹಾಗಾಗಿ ಕೆಳಗಿನ ಸಿಲಿಕಾನ್ ಒಡೆಯುವುದಿಲ್ಲ. ಕಿಡಿ ಹೊತ್ತಿದಾಗ ಸುಡುವುದಿಲ್ಲ, ಹಾಗಾಗಿ ಗುಂಡು ಸರಿಯಾದ ಆಕಾರಕ್ಕೆ ಬರುತ್ತದೆ.

ಒಂದು ಚಿಪ್‌ನ ಲೆಕ್ಕ

ಈಗ ಇದರಲ್ಲಿ ಎಷ್ಟು ಚಿನ್ನ ಇದೆ ಎಂದು ನಾವೇ ಲೆಕ್ಕ ಹಾಕಬಹುದು. 25 ಮೈಕ್ರಾನ್ ದಪ್ಪದ ಒಂದು ಕಿಲೋಮೀಟರ್ ತಂತಿ ತೆಗೆದುಕೊಳ್ಳಿ. ಅದರ ಗಾತ್ರವನ್ನು ಚಿನ್ನದ ಸಾಂದ್ರತೆಯಿಂದ, ಅಂದರೆ ಘನ ಸೆಂಟಿಮೀಟರ್‌ಗೆ 19.3 ಗ್ರಾಂನಿಂದ ಗುಣಿಸಿದರೆ ಸುಮಾರು 9.5 ಗ್ರಾಂ ಬರುತ್ತದೆ. ಮೆಜೆಸ್ಟಿಕ್‌ನಿಂದ ಮಲ್ಲೇಶ್ವರದ ಕಡೆಗೆ ಒಂದು ಕಿಲೋಮೀಟರ್ ಎಳೆದರೂ ಒಂದು ಉಂಗುರ, ಒಂದು ಜೊತೆ ಓಲೆಗೆ ಬೇಕಾಗುವಷ್ಟೇ ಚಿನ್ನ.

ಒಂದು ಚಿಪ್‌ನಲ್ಲಿ 100 ತಂತಿಗಳಿವೆ, ಪ್ರತಿಯೊಂದೂ 2 ಮಿಲಿಮೀಟರ್ ಉದ್ದ ಎಂದುಕೊಳ್ಳೋಣ. ಒಟ್ಟು 20 ಸೆಂಟಿಮೀಟರ್ ತಂತಿ. ಅದರ ತೂಕ 1.9 ಮಿಲಿಗ್ರಾಂ. ಲೆಕ್ಕ ಸುಲಭವಾಗಲೆಂದು ಚಿನ್ನದ ಬೆಲೆ ಗ್ರಾಂಗೆ 10 ಸಾವಿರ ರೂಪಾಯಿ ಎಂದಿಟ್ಟುಕೊಂಡರೆ, ಆ ಚಿಪ್‌ನಲ್ಲಿರುವ ಚಿನ್ನದ ಬೆಲೆ 19 ರೂಪಾಯಿ. ಇಂಥ 100 ಕೋಟಿ ಚಿಪ್‌ಗಳನ್ನು ಮಾಡಿದರೂ ಬೇಕಾಗುವ ಚಿನ್ನ 1.9 ಟನ್. ರಾಯಚೂರು ಜಿಲ್ಲೆಯ ಹಟ್ಟಿ ಗಣಿ ಒಂದು ವರ್ಷದಲ್ಲಿ ತೆಗೆಯುವ ಚಿನ್ನಕ್ಕೆ ಇದು ಹೆಚ್ಚೂಕಡಿಮೆ ಹತ್ತಿರ.

ಈ 19 ರೂಪಾಯಿಯನ್ನು ಎರಡು ಕಡೆಯಿಂದ ನೋಡಬೇಕು. ಮೊಬೈಲ್ ಕೊಳ್ಳುವ ನಮಗೆ ಅದು ಕಾಣುವುದೇ ಇಲ್ಲ. ಚಿನ್ನದ ಬೆಲೆ ಎರಡು ಪಟ್ಟಾದರೂ ಫೋನಿನ ಬೆಲೆಯಲ್ಲಿ ಅದು ಗೊತ್ತಾಗದು. ಆದರೆ ಚಿಪ್‌ಗೆ ಕವಚ ಹಾಕಿಕೊಡುವ ಕಾರ್ಖಾನೆಗೆ ಅದು ತುಂಬ ದೊಡ್ಡ ಮೊತ್ತ. ಸಾಮಾನ್ಯ ಚಿಪ್‌ಗಳಿಗೆ ಕವಚ ಹಾಕುವ ಉದ್ಯಮದಲ್ಲಿ ಪೈಪೋಟಿ ನಡೆಯುವುದೇ ಸೆಂಟ್‌ಗಳಲ್ಲಿ. ನಮ್ಮ ಲೆಕ್ಕದ ಚಿಪ್‌ನ ಚಿನ್ನಕ್ಕೆ 2005ರ ಸರಾಸರಿ ಬೆಲೆಯಲ್ಲಿ, ಅಂದರೆ ಔನ್ಸ್‌ಗೆ ಸುಮಾರು 445 ಡಾಲರ್‌ನಂತೆ, 2.7 ಸೆಂಟ್ ಆಗುತ್ತಿತ್ತು. 2011ರ ಸರಾಸರಿ ಬೆಲೆ ಔನ್ಸ್‌ಗೆ ಸುಮಾರು 1,570 ಡಾಲರ್. ಆಗ ಅದೇ ಚಿನ್ನಕ್ಕೆ ಹತ್ತಿರ ಹತ್ತಿರ 10 ಸೆಂಟ್. ಕೋಟಿಗಟ್ಟಲೆ ಚಿಪ್‌ ಮಾಡುವವನಿಗೆ ಒಂದೊಂದಕ್ಕೂ 7 ಸೆಂಟ್ ಹೆಚ್ಚುವರಿ ಖರ್ಚು ಬಂದರೆ ಸುಮ್ಮನಿರಲು ಆಗುತ್ತದೆಯೇ?

ಬೆಲೆ ಏರಿತು, ಕಾರ್ಖಾನೆ ದಾರಿ ಬದಲಿಸಿತು

ಸುಮ್ಮನಿರಲಿಲ್ಲ. 2009ರ ಹೊತ್ತಿಗೆ ತೈವಾನಿನ ಎಎಸ್‌ಇಯಂಥ ದೊಡ್ಡ ಕಂಪನಿಗಳು ಚಿನ್ನದ ಬದಲು ತಾಮ್ರದ ತಂತಿಗೆ ಹೊರಳತೊಡಗಿದವು. ತಾಮ್ರದ ಲೋಹಕ್ಕೆ ಗ್ರಾಂಗೆ ಒಂದು ಸೆಂಟ್ ಕೂಡ ಇರಲಿಲ್ಲ. ಅಷ್ಟು ಸಣ್ಣದಾಗಿ ಎಳೆಯುವ ಖರ್ಚೇ ಲೋಹದ ಬೆಲೆಗಿಂತ ಹೆಚ್ಚು.

ಆದರೆ ಬದಲಾವಣೆ ಸುಲಭದ್ದಾಗಿರಲಿಲ್ಲ. ಕಿಡಿ ಹೊತ್ತಿದಾಗ ತಾಮ್ರ ಆಮ್ಲಜನಕದ ಜೊತೆ ಸೇರಿಕೊಂಡು ಗುಂಡು ವಿಕಾರವಾಗುತ್ತದೆ. ಅದನ್ನು ತಡೆಯಲು ನೈಟ್ರೋಜನ್ ಮತ್ತು ಸ್ವಲ್ಪ ಹೈಡ್ರೋಜನ್ ಸೇರಿದ ಅನಿಲವನ್ನು ತುದಿಯ ಸುತ್ತ ಹಾಯಿಸಬೇಕಾಯಿತು. ತಾಮ್ರ ಚಿನ್ನಕ್ಕಿಂತ ಗಡಸು, ಆದ್ದರಿಂದ ಹೆಚ್ಚು ಒತ್ತಬೇಕು. ಹೆಚ್ಚು ಒತ್ತಿದರೆ ಅಲ್ಯೂಮಿನಿಯಂ ಪಕ್ಕಕ್ಕೆ ಚಿಮ್ಮುತ್ತದೆ, ಕೆಲವೊಮ್ಮೆ ಅದರಡಿಯ ಸಿಲಿಕಾನ್ ಬಿರುಕು ಬಿಡುತ್ತದೆ. ಈ ಬಿರುಕು ಮೇಲಿನಿಂದ ಕಾಣುವುದಿಲ್ಲ. ಮಾದರಿ ಚಿಪ್‌ಗಳಲ್ಲಿ ತಂತಿಯನ್ನು ಕೊಕ್ಕೆಯಿಂದ ಎಳೆದು, ಗುಂಡನ್ನು ಪಕ್ಕದಿಂದ ತಳ್ಳಿ ಎಷ್ಟು ಬಲಕ್ಕೆ ಕಿತ್ತುಬರುತ್ತದೆ ಎಂದು ಅಳೆಯಬೇಕು. ಮೇಲಿನ ಲೋಹವನ್ನು ರಾಸಾಯನಿಕದಿಂದ ಕರಗಿಸಿ ಅಡಿಯಲ್ಲಿ ಗುಳಿ ಬಿದ್ದಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಚಿಪ್‌ನ ಪ್ಲಾಸ್ಟಿಕ್ ಕವಚದಲ್ಲಿ ಕ್ಲೋರಿನ್ ಅಂಶ ಉಳಿದಿದ್ದರೆ ತೇವಾಂಶ ಸೇರಿ ತಾಮ್ರದ ಬೆಸುಗೆ ಕೊರೆದುಹೋಗುತ್ತದೆ. ಹಾಗಾಗಿ ಕವಚದ ವಸ್ತುವನ್ನೂ ಬದಲಿಸಬೇಕಾಯಿತು.

ಇಷ್ಟೆಲ್ಲ ತೊಂದರೆಗೆ ಇಂಜಿನಿಯರುಗಳು ಒಂದೊಂದಾಗಿ ಪರಿಹಾರ ಕಂಡುಕೊಂಡರು. ತಾಮ್ರದ ತಂತಿಗೆ ಪಲ್ಲಾಡಿಯಂ ಎಂಬ ಲೋಹದ ತೆಳು ಲೇಪನ ಕೊಟ್ಟಾಗ ಆಕ್ಸೈಡ್ ಸಮಸ್ಯೆ ಬಹಳ ಕಡಿಮೆಯಾಯಿತು. ಮೊದಲು ಆಟಿಕೆ, ಮೊಬೈಲ್‌ನಂಥ ವಸ್ತುಗಳ ಚಿಪ್‌ಗಳು ತಾಮ್ರಕ್ಕೆ ಹೋದವು. ಆಮೇಲೆ ಉಳಿದವು ಹಿಂಬಾಲಿಸಿದವು. ಕಾರಿನ ಬ್ರೇಕ್ ನಿಯಂತ್ರಿಸುವ ಅಥವಾ ದೇಹದೊಳಗೆ ಇಡುವ ಸಾಧನಗಳ ಚಿಪ್‌ಗಳಲ್ಲಿ ಚಿನ್ನ ಹೆಚ್ಚು ಕಾಲ ಉಳಿಯಿತು. ಅಲ್ಲಿ ಹೊಸ ತಂತಿ ಬಳಸಬೇಕಾದರೆ ದೀರ್ಘಕಾಲದ ಪರೀಕ್ಷೆಗಳಲ್ಲಿ ಪಾಸಾಗಬೇಕು. 19 ರೂಪಾಯಿ ಉಳಿಸಲು ಅಷ್ಟು ಅಪಾಯ ಯಾರೂ ತೆಗೆದುಕೊಳ್ಳುವುದಿಲ್ಲ.

ಇದೇ ಕಥೆ ಬೇರೆ ಕಡೆಗಳಲ್ಲೂ ನಡೆಯಿತು. ಕನೆಕ್ಟರ್‌ಗಳಲ್ಲಿ ಮೊದಲು ಇಡೀ ಪಿನ್ನಿಗೆ ಚಿನ್ನ ಹಾಕುತ್ತಿದ್ದವರು ಉಜ್ಜುವ ಜಾಗಕ್ಕೆ ಮಾತ್ರ ಹಾಕಲು ಕಲಿತರು. ಹಲ್ಲಿಗೆ ಚಿನ್ನ ಕಟ್ಟುತ್ತಿದ್ದ ಜಾಗವನ್ನು ಸೆರಾಮಿಕ್ ಹಿಡಿಯಿತು. ವಿಶ್ವ ಚಿನ್ನ ಮಂಡಳಿಯ ಅಂಕಿಅಂಶದ ಪ್ರಕಾರ 2010ರಲ್ಲಿ ಜಗತ್ತಿನ ಎಲ್ಲ ಉದ್ಯಮಗಳೂ ಸೇರಿ ಬಳಸಿದ ಚಿನ್ನ ಸುಮಾರು 460 ಟನ್. 2015ರಲ್ಲಿ ಅದು ಸುಮಾರು 330 ಟನ್‌ಗೆ ಇಳಿಯಿತು.

ಇಲ್ಲಿ ಒಂದು ವಿಷಯ ಗಮನಿಸಿ. 2011ರ ಸೆಪ್ಟೆಂಬರ್‌ನಲ್ಲಿ ಔನ್ಸ್‌ಗೆ 1,900 ಡಾಲರ್ ಹತ್ತಿರ ಹೋಗಿದ್ದ ಚಿನ್ನ 2015ರ ಕೊನೆಗೆ 1,060 ಡಾಲರ್ ಆಸುಪಾಸಿಗೆ ಬಿತ್ತು. ಬೆಲೆ ಇಷ್ಟು ಇಳಿದರೂ ಕಾರ್ಖಾನೆಗಳು ಚಿನ್ನಕ್ಕೆ ಮರಳಲಿಲ್ಲ. ಹೊಸ ಯಂತ್ರ ಹಾಕಿ, ಹೊಸ ವಿಧಾನ ಕಲಿತು, ಗ್ರಾಹಕರ ಒಪ್ಪಿಗೆ ಪಡೆದ ಮೇಲೆ ಹಿಂದಕ್ಕೆ ಹೋಗುವ ಅಗತ್ಯ ಯಾರಿಗಿದೆ? ಅಂದರೆ ಬೆಲೆ ಏರಿದಾಗ ಕಳೆದುಹೋದ ಈ ಬೇಡಿಕೆ ಬೆಲೆ ಇಳಿದಾಗ ವಾಪಸ್ ಬರುವುದಿಲ್ಲ. ಚಿನ್ನದ ಬೆಲೆ ಉದ್ಯಮವನ್ನು ಬದಲಿಸಿತು. ಉದ್ಯಮ ಚಿನ್ನದ ಬೆಲೆಯನ್ನು ಬದಲಿಸಲಿಲ್ಲ.

ದಾಸ್ತಾನು ಎಂಬ ಸಾಗರ

ಈಗ ತಂತಿಯಿಂದ ಹೊರಬಂದು ಒಟ್ಟು ಮಾರುಕಟ್ಟೆಯನ್ನು ನೋಡೋಣ. 2024ರಲ್ಲಿ ಉದ್ಯಮಗಳು ಬಳಸಿದ ಚಿನ್ನ ಸುಮಾರು 326 ಟನ್. ಇದರಲ್ಲಿ ಎಲೆಕ್ಟ್ರಾನಿಕ್ಸ್ ಪಾಲು ಸುಮಾರು 270 ಟನ್. ಕೇಳಲು ಇದು ದೊಡ್ಡದೇ. ನಮ್ಮ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವವರೆಗೆ ಸುಮಾರು 120 ವರ್ಷಗಳಲ್ಲಿ ಕೊಟ್ಟ ಚಿನ್ನ 800 ಟನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಲೆಕ್ಕದಲ್ಲಿ ಜಗತ್ತಿನ ಎಲೆಕ್ಟ್ರಾನಿಕ್ಸ್ ಉದ್ಯಮ ಮೂರು ವರ್ಷದಲ್ಲಿ ಒಂದು ಕೆಜಿಎಫ್ ಅನ್ನೇ ಬಳಸಿಬಿಡುತ್ತದೆ.

ಆದರೆ ಇದನ್ನು ಹೋಲಿಸಬೇಕಾದದ್ದು ಗಣಿಯ ಜೊತೆಗಲ್ಲ. ಮನುಷ್ಯ ಇದುವರೆಗೆ ಭೂಮಿಯಿಂದ ತೆಗೆದ ಚಿನ್ನ ಅಂದಾಜು 2 ಲಕ್ಷ 16 ಸಾವಿರ ಟನ್. ಅದರಲ್ಲಿ ಬಹುಪಾಲು ಇಂದಿಗೂ ಒಡವೆ, ಗಟ್ಟಿ, ನಾಣ್ಯದ ರೂಪದಲ್ಲಿ ಜನರ ಮನೆ, ಬ್ಯಾಂಕ್ ಲಾಕರ್, ದೇವಸ್ಥಾನ, ಕೇಂದ್ರ ಬ್ಯಾಂಕ್‌ಗಳ ತಿಜೋರಿಗಳಲ್ಲಿ ಇದೆ. ಪೆಟ್ರೋಲ್ ಉರಿದುಹೋಗುತ್ತದೆ, ಅಕ್ಕಿ ಊಟವಾಗಿ ಮುಗಿಯುತ್ತದೆ. ಚಿನ್ನ ಹಾಗೆ ಖರ್ಚಾಗುವುದಿಲ್ಲ. ಅಜ್ಜಿಯ ಅವಲಕ್ಕಿ ಸರ ಕರಗಿ ಮೊಮ್ಮಗಳ ಬಳೆಯಾಗುತ್ತದೆ. ಗ್ರಾಹಕ ಬಳಿ ಇರುವ ಪ್ರತಿ ಗ್ರಾಂ ಚಿನ್ನವೂ ನಾಳೆ ಮಾರಾಟಕ್ಕೆ ಬರಬಹುದಾದ ಸರಕು.

ಇದರ ಅರ್ಥವೇನೆಂದು ತಿಳಿಯಲು ಒಂದು ಊಹೆ ಮಾಡೋಣ. ನಾಳೆಯಿಂದ ಉದ್ಯಮಗಳಿಗೆ ಬೇಕಾದ ಚಿನ್ನ ಒಮ್ಮೆಗೇ ಎರಡು ಪಟ್ಟಾಯಿತು ಎನ್ನಿ. ವರ್ಷಕ್ಕೆ ಇನ್ನೂ 326 ಟನ್ ಬೇಕು. ಈಗಿರುವ ದಾಸ್ತಾನಿನಲ್ಲಿ ಅದು ಶೇ 0.15. ಅಂದರೆ ಚಿನ್ನ ಇಟ್ಟುಕೊಂಡವರು ಪ್ರತಿ ಒಂದು ಕಿಲೋದಲ್ಲಿ ಒಂದೂವರೆ ಗ್ರಾಂ ಮಾರಿದರೆ ಆ ಬೇಡಿಕೆ ತುಂಬಿಹೋಗುತ್ತದೆ. ಅಷ್ಟನ್ನು ಹೊರಗೆ ತರಲು ಬೆಲೆ ತುಸು ಏರಿದರೆ ಸಾಕು. ಲಂಡನ್ ಮಾರುಕಟ್ಟೆಯಲ್ಲಿ ಒಂದೇ ದಿನ ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆಗುವ ಚಿನ್ನವೇ ಸರಾಸರಿ 500 ಟನ್‌ಗಿಂತ ಹೆಚ್ಚು. ಇಡೀ ಜಗತ್ತಿನ ಕಾರ್ಖಾನೆಗಳು ಒಂದು ವರ್ಷದಲ್ಲಿ ಬಳಸುವುದಕ್ಕಿಂತ ಜಾಸ್ತಿ ಚಿನ್ನ ಅಲ್ಲಿ ಒಂದೇ ದಿನದಲ್ಲಿ ಕೈ ಬದಲಿಸುತ್ತದೆ.

ಈ ಲೆಕ್ಕವನ್ನು ತಿರುಗಿಸಿಯೂ ನೋಡಬಹುದು. ಚಿನ್ನಕ್ಕೆ ಉದ್ಯಮದ ಬಳಕೆ ಇರುವುದರಿಂದ ಅದರ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಹೋಗುವುದಿಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಹಾಗಾದರೆ ಒಡವೆಯ ಆಸೆ, ಉಳಿತಾಯದ ನಂಬಿಕೆ, ಕೇಂದ್ರ ಬ್ಯಾಂಕ್‌ಗಳ ಖರೀದಿ ಎಲ್ಲವೂ ಒಂದು ದಿನ ಮಾಯವಾಗಿ ಉದ್ಯಮದ ಬಳಕೆ ಒಂದೇ ಉಳಿಯಿತೆಂದು ಭಾವಿಸಿ. 2 ಲಕ್ಷ 16 ಸಾವಿರವನ್ನು 326ರಿಂದ ಭಾಗಿಸಿದರೆ 660 ಚಿಲ್ಲರೆ ಬರುತ್ತದೆ. ಒಂದು ಗ್ರಾಂ ಹೊಸದಾಗಿ ಅಗೆಯದಿದ್ದರೂ 660 ವರ್ಷಕ್ಕೆ ಸಾಕಾಗುವ ಸರಕು ಗೋದಾಮಿನಲ್ಲಿ ಇದ್ದಂತೆ. ಅಂಥ ಸರಕಿಗೆ ಈಗಿನ ಬೆಲೆಯನ್ನು ಯಾರು ಕೊಡುತ್ತಾರೆ? ಉದ್ಯಮದ ಬೇಡಿಕೆ ಚಿನ್ನದ ಬೆಲೆಗೆ ಆಧಾರಗಂಬ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಯಾರು ಬೆಲೆ ಏರಿಸುತ್ತಾರೆ?

ಪ್ರಮಾಣ ಕಡಿಮೆ ಇರುವುದೊಂದೇ ಕಾರಣ ಎಂದು ತಿಳಿಯಬಾರದು. ಒಡವೆಗೆ ಹೋಗುವ ಚಿನ್ನ ಉದ್ಯಮಕ್ಕಿಂತ ಐದಾರು ಪಟ್ಟು ಹೆಚ್ಚು. 2024ರಲ್ಲಿ ಅದು ಸುಮಾರು 1,880 ಟನ್. ಆದರೂ ಆ ವರ್ಷ ಬೆಲೆ ಏರಿದ್ದು ಒಡವೆಯಿಂದಲ್ಲ. ಬೆಲೆ ಏರಿದ ಹಾಗೆ ಒಡವೆ ಖರೀದಿ ಹಿಂದಿನ ವರ್ಷಕ್ಕಿಂತ ಶೇ 11ರಷ್ಟು ಕುಸಿಯಿತು. ಮದುವೆಗೆ 50 ಗ್ರಾಂ ಕೊಳ್ಳಲು ಹೋದವರು 40 ಗ್ರಾಂ ಕೊಂಡು ಬಂದರು ಎಂಬುದು ನಮ್ಮ ಊರುಗಳಲ್ಲೂ ನಡೆಯುವ ಸಂಗತಿ. ಚಿಪ್ ಕಾರ್ಖಾನೆ ತಾಮ್ರಕ್ಕೆ ಹೋದದ್ದೂ ಇದೇ ಲೆಕ್ಕದಲ್ಲಿ. ಬೆಲೆ ಏರಿದಾಗ ಹಿಂದೆ ಸರಿಯುವವರು ಬೆಲೆಯನ್ನು ಮೇಲಕ್ಕೆ ಒಯ್ಯಲಾರರು. ಏರಿದರೂ ಕೊಳ್ಳುವವರು, ಕೆಲವೊಮ್ಮೆ ಏರುತ್ತಿದೆ ಎಂಬ ಕಾರಣಕ್ಕೇ ಕೊಳ್ಳುವವರು ಒಯ್ಯುತ್ತಾರೆ.

ಅಂಥವರು ಯಾರು? 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಬಳಿಕ ಪಾಶ್ಚಿಮಾತ್ಯ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕ್ ಹೊರದೇಶಗಳಲ್ಲಿ ಇಟ್ಟಿದ್ದ ಸುಮಾರು 300 ಶತಕೋಟಿ ಡಾಲರ್ ಮೌಲ್ಯದ ಮೀಸಲನ್ನು ತಡೆಹಿಡಿದವು. ಇದನ್ನು ಕಂಡ ಅನೇಕ ದೇಶಗಳು ಇನ್ನೊಬ್ಬರ ಬ್ಯಾಂಕಿನಲ್ಲಿರುವ ಡಾಲರ್, ಯೂರೋಗಳಿಗಿಂತ ತಮ್ಮದೇ ತಿಜೋರಿಯಲ್ಲಿರುವ ಚಿನ್ನ ಹೆಚ್ಚು ಭದ್ರ ಎಂದು ಲೆಕ್ಕ ಹಾಕಿದವು. 2021ರಲ್ಲಿ ಸುಮಾರು 450 ಟನ್ ಇದ್ದ ಕೇಂದ್ರ ಬ್ಯಾಂಕ್‌ಗಳ ನಿವ್ವಳ ಖರೀದಿ 2022ರಲ್ಲಿ 1,000 ಟನ್ ದಾಟಿತು. 2023 ಮತ್ತು 2024ರಲ್ಲೂ 1,000 ಟನ್‌ಗಿಂತ ಕೆಳಗೆ ಇಳಿಯಲಿಲ್ಲ. ನಮ್ಮ ರಿಸರ್ವ್ ಬ್ಯಾಂಕ್ 2024ರಲ್ಲಿ 70 ಟನ್‌ಗಿಂತ ಹೆಚ್ಚು ಕೊಂಡಿತು. ಒಂದೇ ವರ್ಷದಲ್ಲಿ ಹೆಚ್ಚಾದ ಈ ಖರೀದಿಯೇ ಜಗತ್ತಿನ ಎಲ್ಲ ಕಾರ್ಖಾನೆಗಳ ಬಳಕೆಯ ಒಂದೂವರೆ ಪಟ್ಟಿಗಿಂತ ಜಾಸ್ತಿ. ಜೊತೆಗೆ ಕೇಂದ್ರ ಬ್ಯಾಂಕಿಗೆ ಚಿನ್ನದ ಬದಲು ತಾಮ್ರ ಇಟ್ಟುಕೊಳ್ಳುವ ದಾರಿ ಇಲ್ಲ.

ಇದಕ್ಕೆ ಹೂಡಿಕೆದಾರರ ಓಡಾಟ ಸೇರುತ್ತದೆ. ಚಿನ್ನಕ್ಕೆ ಬಡ್ಡಿ ಬರುವುದಿಲ್ಲ. ಅಮೆರಿಕದಲ್ಲಿ ಬಡ್ಡಿ ದರ ಇಳಿಯುವ ಸೂಚನೆ ಕಂಡರೆ ಚಿನ್ನ ಇಟ್ಟುಕೊಂಡು ಕಳೆದುಕೊಳ್ಳುವುದು ಕಡಿಮೆ ಎಂದು ದೊಡ್ಡ ನಿಧಿಗಳು ಕೊಳ್ಳಲು ಬರುತ್ತವೆ. ಯುದ್ಧ, ಸುಂಕ ಸಮರ, ರೂಪಾಯಿ ಕುಸಿತದ ಭಯ ಇದ್ದಾಗಲೂ ಹಾಗೆಯೇ. ಇಲ್ಲೆಲ್ಲ ಪ್ರಶ್ನೆ ಇರುವುದು 2 ಲಕ್ಷ 16 ಸಾವಿರ ಟನ್ ಚಿನ್ನದ ಒಡೆಯರು ಅದನ್ನು ಕೈಯಲ್ಲಿ ಇಟ್ಟುಕೊಳ್ಳಲು ಬಯಸುತ್ತಾರೋ, ಬಿಡಲು ಬಯಸುತ್ತಾರೋ ಎಂಬುದರಲ್ಲಿ. ಅವರ ಮನಸ್ಸು ಶೇ 1ರಷ್ಟು ಬದಲಾದರೆ 2 ಸಾವಿರ ಟನ್‌ಗೂ ಹೆಚ್ಚು ಚಿನ್ನದ ವಿಷಯ.

ಸಿದ್ಧಾಂತ ಬೇಡ, ಪರೀಕ್ಷೆ ಬೇಕು ಎನ್ನುವವರಿಗೆ 2023ರ ವರ್ಷ ಇದೆ. ಕೋವಿಡ್ ಕಾಲದಲ್ಲಿ ಎಲ್ಲರೂ ಲ್ಯಾಪ್‌ಟಾಪ್, ಫೋನ್ ಕೊಂಡು ಮುಗಿಸಿದ್ದರಿಂದ ಆ ವರ್ಷ ಎಲೆಕ್ಟ್ರಾನಿಕ್ ವಸ್ತುಗಳ ಮಾರಾಟ ಮಂದವಾಗಿತ್ತು. ಎಲೆಕ್ಟ್ರಾನಿಕ್ಸ್ ಉದ್ಯಮ ಕೊಂಡ ಚಿನ್ನ 250 ಟನ್ ಆಸುಪಾಸಿಗೆ ಇಳಿಯಿತು. ಉದ್ಯಮದ ಬಳಕೆ ಬೆಲೆ ನಿರ್ಧರಿಸುವುದಾಗಿದ್ದರೆ ಚಿನ್ನ ಅಗ್ಗವಾಗಬೇಕಿತ್ತು. ಆದದ್ದು ತದ್ವಿರುದ್ಧ. ಆ ವರ್ಷದ ಸರಾಸರಿ ಬೆಲೆ ಔನ್ಸ್‌ಗೆ 1,940 ಡಾಲರ್ ದಾಟಿ, ಅಲ್ಲಿಯವರೆಗಿನ ಯಾವುದೇ ವರ್ಷದ ಸರಾಸರಿಗಿಂತ ಹೆಚ್ಚಿತ್ತು.

ಉದ್ಯಮ ಬೆಲೆ ಏರಿಸುವುದು ಎಲ್ಲಿ?

ಲೋಹಗಳಿಗೆಲ್ಲ ಇದೇ ನಿಯಮವೇ ಎಂದು ಕೇಳಬಹುದು. ಖಂಡಿತ ಅಲ್ಲ. ಮೇಲೆ ಹೇಳಿದ ಪಲ್ಲಾಡಿಯಂನ ಕಥೆ ನೋಡಿ. ಅದರ ಬೇಡಿಕೆಯಲ್ಲಿ ಶೇ 80ರಷ್ಟು ಬರುವುದು ಪೆಟ್ರೋಲ್ ಕಾರುಗಳ ಹೊಗೆ ಶುದ್ಧಮಾಡುವ ಉಪಕರಣದಿಂದ. ಮನೆಗಳಲ್ಲಿ, ಬ್ಯಾಂಕುಗಳಲ್ಲಿ ಕೂಡಿಟ್ಟ ದೊಡ್ಡ ದಾಸ್ತಾನು ಇಲ್ಲ. 2015ರಲ್ಲಿ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯ ವಂಚನೆ ಬಯಲಾದ ಮೇಲೆ ಯುರೋಪಿನ ಜನ ಪೆಟ್ರೋಲ್ ಕಾರಿಗೆ ಹೊರಳಿದರು, ಹೊಗೆಯ ನಿಯಮಗಳೂ ಬಿಗಿಯಾದವು. 2016ರ ಆರಂಭದಲ್ಲಿ ಔನ್ಸ್‌ಗೆ 500 ಡಾಲರ್ ಆಸುಪಾಸು ಇದ್ದ ಪಲ್ಲಾಡಿಯಂ 2022ರ ಮಾರ್ಚ್‌ನಲ್ಲಿ 3,000 ಡಾಲರ್ ದಾಟಿತು. ಆಮೇಲೆ ಕಾರು ಕಂಪನಿಗಳು ಅದರ ಜಾಗದಲ್ಲಿ ಪ್ಲಾಟಿನಂ ಬಳಸತೊಡಗಿದವು, ಎಲೆಕ್ಟ್ರಿಕ್ ಕಾರುಗಳೂ ಬಂದವು. 2024ರ ಹೊತ್ತಿಗೆ ಬೆಲೆ 1,000 ಡಾಲರ್‌ನ ಕೆಳಗೆ ಬಿತ್ತು. ಉದ್ಯಮವೇ ಬೆಲೆ ನಿರ್ಧರಿಸುವ ಲೋಹ ಹೀಗೆ ವರ್ತಿಸುತ್ತದೆ. ಕಾರ್ಖಾನೆ ಬೇಕೆಂದಾಗ ಆಕಾಶಕ್ಕೆ ಏರುತ್ತದೆ, ಬೇಡವೆಂದಾಗ ನೆಲ ಕಚ್ಚುತ್ತದೆ.

ಬೆಳ್ಳಿ ಇವೆರಡರ ನಡುವೆ ಇದೆ. ಸೋಲಾರ್ ಫಲಕ, ಎಲೆಕ್ಟ್ರಾನಿಕ್ಸ್ ಸೇರಿ ಬೆಳ್ಳಿಯ ಬೇಡಿಕೆಯ ಅರ್ಧಕ್ಕಿಂತ ಹೆಚ್ಚು ಉದ್ಯಮದ್ದು. ಜೊತೆಗೆ ಅದನ್ನು ಒಡವೆಯಾಗಿ, ಗಟ್ಟಿಯಾಗಿ ಕೂಡಿಡುವವರೂ ಇದ್ದಾರೆ. ಆದ್ದರಿಂದ ಸೋಲಾರ್ ಫಲಕಗಳಿಂದ ಬೆಳ್ಳಿ ಬೆಲೆಗೆ ಬಲ ಬಂತು ಎಂದು ಯಾರಾದರೂ ಹೇಳಿದರೆ ಅದನ್ನು ಪರಿಶೀಲಿಸಬಹುದಾದ ವಾದ ಎಂದು ತೆಗೆದುಕೊಳ್ಳಿ. ಅದೇ ಮಾತನ್ನು ಚಿಪ್ ಮತ್ತು ಚಿನ್ನದ ಬಗ್ಗೆ ಹೇಳಿದರೆ ಒಪ್ಪಬೇಡಿ.

ನಮ್ಮಂಥ ಓದುವವರಿಗೆ, ಕೆಲಸ ಹುಡುಕುವವರಿಗೆ ಇದರಲ್ಲಿ ಎರಡು ಉಪಯೋಗ ನನಗೆ ಕಾಣುತ್ತವೆ. ಮೊದಲನೆಯದು, ಯಾವುದೇ ಸರಕಿನ ಬೆಲೆಯ ಬಗ್ಗೆ ಪರೀಕ್ಷೆಯಲ್ಲೋ ಸಂದರ್ಶನದಲ್ಲೋ ಪ್ರಶ್ನೆ ಬಂದರೆ ಮೂರು ವಿಷಯ ನೋಡಿಕೊಳ್ಳಿ: ಅದರ ದಾಸ್ತಾನು ಎಷ್ಟು ವರ್ಷದ ಬಳಕೆಗೆ ಸಾಕು, ಬೆಲೆ ಏರಿದರೆ ಬದಲಿ ವಸ್ತು ಇದೆಯೇ, ಏರಿದರೂ ಕೊಳ್ಳುವವರು ಯಾರು. ಚಿನ್ನದ ಉತ್ತರಗಳು ಮೇಲಿವೆ. ಎರಡನೆಯದು, ಚಿಪ್ ಕವಚ ಹಾಕುವ ಘಟಕಗಳು ಗುಜರಾತಿನ ಸಾನಂದ್, ಅಸ್ಸಾಮಿನ ಜಾಗೀರೋಡ್‌ಗಳಿಗೆ ಬರುತ್ತಿರುವ ಈ ಹೊತ್ತಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಚಿನ್ನದ ಬೆಲೆ ಬೇರೆ ರೀತಿಯಲ್ಲಿ ಮುಖ್ಯ. ಆ ಘಟಕಗಳು ಚಿನ್ನದ ಬೆಲೆಯನ್ನು ಒಂದು ರೂಪಾಯಿಯಷ್ಟೂ ಮೇಲೆತ್ತುವುದಿಲ್ಲ. ಆದರೆ ಚಿನ್ನ ದುಬಾರಿಯಾದಷ್ಟೂ ಅಲ್ಲಿ ತಾಮ್ರದ ತಂತಿಯನ್ನು ಸಿಲಿಕಾನ್ ಬಿರುಕು ಬಿಡದಂತೆ ಕೂರಿಸಬಲ್ಲವರಿಗೆ, ಬೆಸುಗೆ ಎಲ್ಲಿ ಸೋತಿತು ಎಂದು ಸೂಕ್ಷ್ಮದರ್ಶಕದಲ್ಲಿ ಗುರುತಿಸಬಲ್ಲವರಿಗೆ ಕೆಲಸ ಇರುತ್ತದೆ.